ರೆಸ್ಯೂಮ್ ಫೈಲಿನ ಹೆಸರು, ಪಿಡಿಎಫ್ ಮತ್ತು ವರ್ಡ್: ದೊಡ್ಡಮ್ಮನ ಕಿವಿಮಾತು

ಕಾವ್ಯ, ನೀನು ಹಾಸನದಿಂದ ಕಳಿಸಿದ ರೆಸ್ಯೂಮ್ ಬಂತು. ಒಳಗೆ ಬರೆದಿರುವುದು ಚೆನ್ನಾಗಿದೆ, ಅದರ ತಂಟೆಗೆ ನಾನು ಹೋಗುವುದಿಲ್ಲ. ಫೈಲಿನ ಹೆಸರು ಮಾತ್ರ `resume final new (2).docx` ಅಂತಿದೆ ನೋಡು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪೀಣ್ಯದ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ನಿವೃತ್ತಿಯಾಗುವವರೆಗೆ ನನ್ನ ಕೆಲಸವೇ ಅದಾಗಿತ್ತು: ಮೇಲ್‌ನಲ್ಲಿ ಬಂದ ಅರ್ಜಿಗಳನ್ನು ಇಳಿಸಿಕೊಳ್ಳುವುದು, ಹುದ್ದೆವಾರು ಬೇರ್ಪಡಿಸುವುದು, ಆಯಾ ವಿಭಾಗದ ಮ್ಯಾನೇಜರ್‌ಗೆ ಮುಟ್ಟಿಸುವುದು. ಹಾಗಾಗಿ ಆ ಕಡೆ ಕೂತವರಿಗೆ ಏನು ಕಾಣುತ್ತದೆ ಅನ್ನುವುದಷ್ಟನ್ನೇ ಹೇಳುತ್ತೇನೆ.

• ನೀನು ಮೇಲ್‌ನಲ್ಲಿ ಎಷ್ಟೇ ಚೆಂದವಾಗಿ ಪರಿಚಯ ಬರೆದಿರು, ಫೈಲು ಆ ಮೇಲ್‌ನ ಜೊತೆ ಹೆಚ್ಚು ಹೊತ್ತು ಇರುವುದಿಲ್ಲ. ನನ್ನಂಥವಳು ಅದನ್ನು ಇಳಿಸಿಕೊಂಡು ಒಂದು ಫೋಲ್ಡರಿಗೆ ಹಾಕುತ್ತಾಳೆ. ಅಲ್ಲಿ ನಿನ್ನ ಮೇಲ್ ಇಲ್ಲ, ಸಬ್ಜೆಕ್ಟ್ ಸಾಲಿಲ್ಲ, ಫೋಟೋ ಇಲ್ಲ. ಫೈಲಿನ ಹೆಸರೊಂದೇ ಇರುವುದು. ಆ ಫೋಲ್ಡರಿಗೆ ಎರಡನೆಯ `resume.pdf` ಬಂದರೆ ಬ್ರೌಸರ್ ಅದನ್ನು `resume (1).pdf` ಅಂತ ಮಾಡುತ್ತದೆ, ಮೂರನೆಯದನ್ನು `resume (2).pdf`. ಸಂಜೆ ಹೊತ್ತಿಗೆ ಮ್ಯಾನೇಜರ್ ಬಂದು, "ಆ ಹಾಸನದ ಹುಡುಗಿಯದು ಎಲ್ಲಮ್ಮಾ?" ಅಂದರೆ ಒಂದೊಂದನ್ನೇ ತೆರೆದು ನೋಡಬೇಕು. ತೆರೆದು ನೋಡುವಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ ಕಣೇ, ಸಂಬಳ ತಗೊಳ್ಳುವವರಿಗೂ.

• ಆದ್ದರಿಂದ ಮೊದಲು ನಿನ್ನ ಹೆಸರು, ಆಮೇಲೆ ಉಳಿದದ್ದು. ಯಾವ ಹೆಸರು ಅನ್ನುವುದನ್ನೂ ಹೇಳಿಬಿಡುತ್ತೇನೆ, ನಮ್ಮ ಕಡೆ ಅದೇ ದೊಡ್ಡ ಗೋಜಲು. ಮಾರ್ಕ್ಸ್ ಕಾರ್ಡಿನಲ್ಲಿ ನೀನು `KAVYA H S`. ಮೇಲ್ ತೆರೆಯುವಾಗ ಸರ್‌ನೇಮ್ ಕೇಳಿತು ಅಂತ ಅಪ್ಪನ ಹೆಸರು ತುಂಬಿ `Kavya Suresh` ಆಗಿದ್ದೀಯ. ಈಗ ಫೈಲಿನ ಮೇಲೆ `HS Kavya` ಅಂತ ಹಾಕಿದರೆ, ಗೊತ್ತಿಲ್ಲದವರ ಲೆಕ್ಕದಲ್ಲಿ ನೀವು ಮೂವರು. ಮಾರ್ಕ್ಸ್ ಕಾರ್ಡಿನ ಹೆಸರನ್ನೇ ಹಿಡಿ. ರೆಸ್ಯೂಮ್‌ನ ತಲೆಬರಹ, ಫೈಲಿನ ಹೆಸರು, ಮೇಲ್‌ನಲ್ಲಿ ಕಾಣುವ ಹೆಸರು ಮೂರೂ ಅದೇ ಇರಲಿ. ಇನಿಷಿಯಲ್ ಬಿಡಬೇಡ. ನಿನ್ನ ವಯಸ್ಸಿನ ಕಾವ್ಯಂದಿರು ಒಂದೊಂದು ಫೋಲ್ಡರಿನಲ್ಲೂ ಇಬ್ಬರಾದರೂ ಇರುತ್ತಾರೆ.

• ಹೆಸರಾದ ಮೇಲೆ `Resume` ಅನ್ನುವ ಪದ. ಅದಾದ ಮೇಲೆ, ಬೇಕಿದ್ದರೆ ಮಾತ್ರ, ಹುದ್ದೆ ಅಥವಾ ಜಾಹೀರಾತಿನ ಸಂಖ್ಯೆ. ನೀನು ಈಗ ಹಾಕುತ್ತಿರುವುದು ಜೂನಿಯರ್ ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ, ಜಾಹೀರಾತಿನಲ್ಲಿ ಕೊಟ್ಟಿರುವ ಸಂಖ್ಯೆ QA-07 ಅಂತಿಟ್ಟುಕೋ. ಆಗ ಹೀಗೆ:

```
Kavya_H_S_Resume_QA-07.pdf
```

ಇಷ್ಟು ಸಾಕು. ಇದಕ್ಕೆ ತಾರೀಖು ಬೇಡ, `final` ಬೇಡ, `latest` ಬೇಡ. ಯಾವುದು ಹಳೆಯದು ಯಾವುದು ಹೊಸದು ಅನ್ನುವ ಲೆಕ್ಕ ನಿನ್ನ ಲ್ಯಾಪ್‌ಟಾಪಿನೊಳಗೆ ಇರಬೇಕಾದದ್ದು, ಪರರಿಗೆ ಕಳಿಸುವಂಥದ್ದಲ್ಲ. ಕಂಪನಿಯ ಹೆಸರನ್ನೂ ಫೈಲಿಗೆ ಸೇರಿಸಬೇಡ. ಅವರ ಹೆಸರು ಅವರಿಗೆ ಗೊತ್ತಿದೆ. ಅಲ್ಲದೆ ಅವಸರದಲ್ಲಿ ಒಬ್ಬರ ಹೆಸರಿರುವ ಫೈಲು ಇನ್ನೊಬ್ಬರಿಗೆ ಹೋಗುವುದು ಇದೇ ದಾರಿಯಲ್ಲಿ. ಅಂಥ ಅರ್ಜಿ ಬಂದಾಗ ನಮ್ಮ ಆಫೀಸಿನಲ್ಲಿ ನಗುವುದಕ್ಕೆ ಎಲ್ಲರೂ ಸೇರುತ್ತಿದ್ದರು, ಕರೆಯುವುದಕ್ಕೆ ಯಾರೂ ಇರುತ್ತಿರಲಿಲ್ಲ.

• ಜಾಹೀರಾತಿನಲ್ಲೇ ಫೈಲಿಗೆ ಇಂಥದೇ ಹೆಸರಿಡಿ ಅಂತ ಹೇಳಿದ್ದರೆ ನಾನು ಮೇಲೆ ಬರೆದದ್ದನ್ನೆಲ್ಲ ಮರೆತುಬಿಡು. ಅವರು ಹೇಳಿದ ಹಾಗೆ, ಅಕ್ಷರಕ್ಕೆ ಅಕ್ಷರ. ಅವರ ಕಂಪ್ಯೂಟರು ಆ ಹೆಸರನ್ನು ನೋಡಿಯೇ ವಿಂಗಡಿಸುತ್ತಿರಬಹುದು.

• ಪದಗಳ ನಡುವೆ ಖಾಲಿ ಜಾಗ ಬಿಡುವ ಬದಲು ಅಂಡರ್‌ಸ್ಕೋರ್ ಅಥವಾ ಹೈಫನ್ ಹಾಕು. ಖಾಲಿ ಜಾಗ ತಪ್ಪೇನಲ್ಲ, ಆದರೆ ಫೈಲು ಲಿಂಕ್ ಆಗಿ ಹೋದಾಗ ಅದು `%20` ಆಗಿ ಕಾಣುತ್ತದೆ, ಹೆಸರು ಓದಲಾಗುವುದಿಲ್ಲ. `/ \ : * ? " < > |` ಇವಿಷ್ಟನ್ನು ವಿಂಡೋಸ್ ಒಪ್ಪುವುದೇ ಇಲ್ಲ. ಕೆಲವರು ಅಭಿಮಾನಕ್ಕೆ ಫೈಲಿನ ಹೆಸರನ್ನು ಕನ್ನಡದಲ್ಲೇ ಇಡುತ್ತಾರೆ. ನನಗೂ ಅದು ಇಷ್ಟವೇ. ಆದರೆ ಹಳೆಯ ತಂತ್ರಾಂಶ ಇರುವ ಆಫೀಸುಗಳಲ್ಲಿ ಅದು ಚೌಕಗಳಾಗಿಯೋ ಪ್ರಶ್ನಾರ್ಥಕ ಚಿಹ್ನೆಗಳಾಗಿಯೋ ಬಂದು ಕೂರುತ್ತದೆ. ಕನ್ನಡ ಒಳಗಿರಲಿ, ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ.

• ಫೋನಿನಿಂದ ಕಳಿಸುವವರಿಗೆ ಬೇರೆ ಕಾಟ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೇ ಮುಂದಕ್ಕೆ ಕಳಿಸಿದರೆ ಹೆಸರು `DOC-20240612-WA0003` ಅನ್ನುವ ಧಾಟಿಯಲ್ಲಿ ಇರುತ್ತದೆ. ಸ್ಕ್ಯಾನ್ ಮಾಡುವ ಆ್ಯಪ್ ತನ್ನ ಹೆಸರನ್ನೂ ತಾರೀಖನ್ನೂ ಅಂಟಿಸುತ್ತದೆ. ಕಳಿಸುವ ಮುಂಚೆ ಫೋನಿನ ಫೈಲ್ಸ್ ಆ್ಯಪ್‌ನಲ್ಲಿ ಹೆಸರು ಬದಲಿಸು. ಮೇಲ್‌ಗೆ ಲಗತ್ತಿಸಿದ ಮೇಲೆ ಅಲ್ಲಿಂದಲೇ ಬದಲಿಸಲು ಜಿಮೇಲ್ ಬಿಡುವುದಿಲ್ಲ. ತೆಗೆದು, ಹೆಸರು ಸರಿಪಡಿಸಿ, ಮತ್ತೆ ಲಗತ್ತಿಸಬೇಕು.

• ಹೆಸರಿನ ಬಾಲದ ಬಗ್ಗೆ ಒಂದು ಎಚ್ಚರಿಕೆ. ವಿಂಡೋಸ್ ಸಾಮಾನ್ಯವಾಗಿ `.docx`, `.pdf` ಅನ್ನುವ ಬಾಲವನ್ನು ಮುಚ್ಚಿಡುತ್ತದೆ. ಬಾಲ ಇಲ್ಲ ಅಂದುಕೊಂಡು ನೀನೇ `.pdf` ಅಂತ ಟೈಪ್ ಮಾಡಿದರೆ ನಿಜವಾದ ಹೆಸರು `Kavya_H_S_Resume.pdf.docx` ಆಗುತ್ತದೆ. ನಿನಗದು ಪಿಡಿಎಫ್ ಹಾಗೆ ಕಾಣುತ್ತದೆ, ಆ ಕಡೆಯವರಿಗೆ ಎರಡು ಬಾಲದ ಫೈಲು. ವೈರಸ್ ಕಳಿಸುವವರ ಹಳೆಯ ಚಾಳಿ ಅದು, ಆದ್ದರಿಂದ ಕಂಪನಿಯ ಮೇಲ್ ವ್ಯವಸ್ಥೆ ಅನುಮಾನ ಪಟ್ಟು ತಡೆಹಿಡಿದರೂ ಆಶ್ಚರ್ಯವಿಲ್ಲ. ಬಾಲ ಕಾಣುತ್ತಿದ್ದು, `.docx` ಅಳಿಸಿ `.pdf` ಅಂತ ಬರೆದರೂ ಅದು ಪಿಡಿಎಫ್ ಆಗುವುದಿಲ್ಲ, ತೆರೆಯದೆ ಹಟ ಹಿಡಿಯುತ್ತದೆ ಅಷ್ಟೇ. ವಿಂಡೋಸ್ 11ರಲ್ಲಿ ಫೋಲ್ಡರ್ ತೆರೆದು `View`, `Show`, `File name extensions` ಅಂತ ಒತ್ತಿ ಬಾಲ ಕಾಣುವ ಹಾಗೆ ಮಾಡಿಕೋ. ಒಮ್ಮೆ ಮಾಡಿದರೆ ಸಾಕು.

• ಈಗ ಪಿಡಿಎಫ್ಫೋ ವರ್ಡೋ ಅನ್ನುವ ಮಾತಿಗೆ ಬರೋಣ. ಏನೂ ಹೇಳದಿದ್ದರೆ ಪಿಡಿಎಫ್. ಕಾರಣ ಇದು: ವರ್ಡ್ ಫೈಲು ಪ್ರತಿ ಕಂಪ್ಯೂಟರಿನಲ್ಲೂ ಹೊಸದಾಗಿ ಜೋಡಣೆಯಾಗುತ್ತದೆ. ನೀನು ಬಳಸಿದ ಫಾಂಟ್ ಅಲ್ಲಿಲ್ಲದಿದ್ದರೆ ಬೇರೆ ಫಾಂಟ್ ಬರುತ್ತದೆ, ಸಾಲು ಉದ್ದವಾಗುತ್ತದೆ, ಒಂದು ಪುಟದ ರೆಸ್ಯೂಮ್‌ನ ಕೊನೆಯ ಎರಡು ಸಾಲು ಎರಡನೆಯ ಪುಟಕ್ಕೆ ಜಾರುತ್ತವೆ. ಫೋನಿನಲ್ಲಿ ತೆರೆದರೆ ಟೇಬಲ್ಲಿನ ಗೆರೆಗಳೇ ಅಡ್ಡಾದಿಡ್ಡಿ. ಪಿಡಿಎಫ್ ಹಾಗಲ್ಲ, ಫಾಂಟನ್ನು ತನ್ನೊಳಗೇ ಇಟ್ಟುಕೊಂಡು ಹೋಗುತ್ತದೆ. 1993ರಲ್ಲಿ ಅಡೋಬಿ ಕಂಪನಿ ಅದನ್ನು ಹೊರತಂದದ್ದೇ ಎಲ್ಲ ಯಂತ್ರದಲ್ಲೂ ಪುಟ ಒಂದೇ ಥರ ಕಾಣಲಿ ಅಂತ.

• ಕನ್ನಡ ರೆಸ್ಯೂಮ್ ಕಳಿಸುವವರು ಇದನ್ನು ಇನ್ನೂ ಗಮನವಿಟ್ಟು ಓದಬೇಕು. ಪತ್ರಿಕೆ, ಪ್ರಕಾಶನ, ಡಿಟಿಪಿ ಕೆಲಸಕ್ಕೆ ಹಾಕುವವರು ಈಗಲೂ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ವರ್ಡ್ ಫೈಲನ್ನೇ ಕಳಿಸುವುದುಂಟು. ಆ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇರುವ ಕಡೆ ಕನ್ನಡ, ಇಲ್ಲದ ಕಡೆ ಗೊಂದಲ. ನುಡಿಯಲ್ಲಿ "ಕನ್ನಡ" ಅಂತ ಬರೆದದ್ದು ಫಾಂಟಿಲ್ಲದ ಕಂಪ್ಯೂಟರಿನಲ್ಲಿ `PÀ£ÀßqÀ` ಅಂತ ತೆರೆದುಕೊಳ್ಳುತ್ತದೆ. ಇಡೀ ರೆಸ್ಯೂಮ್ ಹೀಗೆ ಬಂದರೆ ಯಾರು ಓದುತ್ತಾರೆ?

ಅದನ್ನೇ ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಅರ್ಧ ತೊಂದರೆ ಹೋಯಿತು, ಇನ್ನರ್ಧ ಉಳಿಯಿತು. ಒಳಗಿರುವುದು ಇನ್ನೂ ಅದೇ ಇಂಗ್ಲಿಷ್ ಚಿಹ್ನೆಗಳಾದ್ದರಿಂದ ಹುಡುಕಿದರೆ ಸಿಗುವುದಿಲ್ಲ, ನಕಲಿಸಿದರೆ ಅರ್ಥವಾಗುವುದಿಲ್ಲ. ಯೂನಿಕೋಡಿನಲ್ಲೇ ಟೈಪ್ ಮಾಡು. ವಿಂಡೋಸ್‌ನಲ್ಲಿ ನಿರ್ಮಲಾ ಫಾಂಟ್ ಇದೆ, ಹೊರಗಿನಿಂದ ತರುವುದಾದರೆ ನೋಟೋ ಕನ್ನಡ ಇದೆ. ಯೂನಿಕೋಡಿನ ಪಿಡಿಎಫ್‌ನಿಂದ ನಕಲಿಸುವಾಗಲೂ ಒತ್ತಕ್ಷರ, ಗುಣಿತ ಹಿಂದೆಮುಂದೆ ಆಗುವುದುಂಟು. ಆದ್ದರಿಂದ ಹೆಸರು ಮತ್ತು ಇಮೇಲ್ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೂ, ಫೋನ್ ಸಂಖ್ಯೆಯನ್ನು ಇಂಗ್ಲಿಷ್ ಅಂಕಿಯಲ್ಲೂ ಮೇಲ್ಗಡೆ ಒಮ್ಮೆ ಬರೆದಿಡು.

• ಪಿಡಿಎಫ್ ಮಾಡುವ ದಾರಿಯಲ್ಲೂ ವ್ಯತ್ಯಾಸವಿದೆ. ವರ್ಡ್‌ನಲ್ಲಿ `Save As` ಒತ್ತಿ ಪಿಡಿಎಫ್ ಆರಿಸು. ಗೂಗಲ್ ಡಾಕ್ಸ್ ಆದರೆ `File`, `Download`, `PDF Document`. ಪ್ರಿಂಟ್ ಒತ್ತಿ `Microsoft Print to PDF` ಮಾಡಿದರೂ ಪಿಡಿಎಫ್ ಬರುತ್ತದೆ, ಆದರೆ ಪದದ ಹಿಂದೆ ಜೋಡಿಸಿಟ್ಟ ಲಿಂಕುಗಳು ಸಾಯುತ್ತವೆ. "ನನ್ನ ಪ್ರಾಜೆಕ್ಟ್" ಅಂತ ನೀಲಿ ಅಕ್ಷರ ಕಾಣುತ್ತದೆ, ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಇನ್ನು ರೆಸ್ಯೂಮ್ ಪ್ರಿಂಟ್ ತೆಗೆದು, ಸಹಿ ಹಾಕಿ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಕಳಿಸುವವರಿದ್ದಾರಲ್ಲ, ಅವರು ಕಳಿಸುವುದು ಬರೀ ಚಿತ್ರ. ಪಿಡಿಎಫ್ ಅನ್ನುವ ಹೆಸರಿದ್ದರೂ ಒಳಗೆ ಅಕ್ಷರವಿಲ್ಲ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ತಂತ್ರಾಂಶ. ಅದಕ್ಕೆ ಅಂಥ ಪುಟ ಖಾಲಿ ಹಾಳೆ ಕಂಡ ಹಾಗೆ ಕಾಣಬಹುದು.

• ನಿನ್ನ ಪಿಡಿಎಫ್ ಒಳಗೆ ಅಕ್ಷರ ಇದೆಯೋ ಇಲ್ಲವೋ ಅಂತ ತಿಳಿಯುವುದು ಸುಲಭ. ಫೈಲ್ ತೆರೆದು `Ctrl+F` ಒತ್ತಿ ನಿನ್ನ ಹೆಸರು ಹುಡುಕು. ಸಿಗಲಿಲ್ಲ ಅಂದರೆ ಅದು ಚಿತ್ರವಿರಬಹುದು. ಸಿಕ್ಕರೆ, ಪುಟ ಪೂರ್ತಿ ಆರಿಸಿ, ನಕಲಿಸಿ, ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ಓದು. ನೀನು ಬಳಸಿರುವುದು ಎಡಗಡೆ ಒಂದು ಪಟ್ಟಿ, ಬಲಗಡೆ ಒಂದು ಪಟ್ಟಿ ಇರುವ ಟೆಂಪ್ಲೇಟು ಅಲ್ಲವೇ? ನಾನು ಅದನ್ನೇ ಪಿಡಿಎಫ್ ಮಾಡಿ ಅಂಟಿಸಿ ನೋಡಿದೆ. ಎಡಗಡೆಯ "ಹವ್ಯಾಸಗಳು" ಬಂದು ಬಲಗಡೆಯ ಡಿಪ್ಲೊಮಾ ಶೇಕಡಾವಾರಿನ ನಡುವೆ ಕೂತಿತ್ತು, ಫೋನ್ ಸಂಖ್ಯೆ ಎಲ್ಲಕ್ಕಿಂತ ಕೊನೆಗೆ ಹೋಗಿತ್ತು. ತಂತ್ರಾಂಶ ಓದುವುದೂ ಹೆಚ್ಚುಕಡಿಮೆ ಹಾಗೇ. ಒಂದೇ ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ ಬರೆದ ಸಾದಾ ರೆಸ್ಯೂಮ್‌ಗೆ ಈ ಗೋಳಿಲ್ಲ. ಟೆಂಪ್ಲೇಟಿನ ಬಣ್ಣಕ್ಕೆ ಮರುಳಾಗಬೇಡ ಅಂತ ಹೇಳಿದರೆ ನಿನಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ.

• ಇದೊಂದು ಯಾರೂ ನೋಡದ ಜಾಗ. ಗೆಳತಿಯ ರೆಸ್ಯೂಮ್ ಇಸ್ಕೊಂಡು ಅದರ ಮೇಲೆಯೇ ನಿನ್ನ ವಿವರ ತುಂಬುವುದು ಎಲ್ಲರೂ ಮಾಡುವ ಕೆಲಸ, ತಪ್ಪಿಲ್ಲ. ಆದರೆ ವರ್ಡ್ ಫೈಲಿನ ಬೆನ್ನಿಗೆ `Title`, `Author` ಅನ್ನುವ ಎರಡು ಖಾನೆಗಳು ಅಂಟಿಕೊಂಡಿರುತ್ತವೆ. ಅವು ಪಿಡಿಎಫ್ ಮಾಡಿದಾಗಲೂ ಜೊತೆಗೇ ಹೋಗುತ್ತವೆ. ಫೈಲಿಗೆ ನೀನು ಎಷ್ಟು ಸರಿಯಾದ ಹೆಸರಿಟ್ಟಿದ್ದರೂ, ಕ್ರೋಮ್‌ನಲ್ಲಿ ತೆರೆದಾಗ ಮೇಲಿನ ಟ್ಯಾಬಿನಲ್ಲಿ ಕಾಣುವುದು ಆ `Title` ಖಾನೆಯಲ್ಲಿರುವುದು. ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗನ ಪಿಡಿಎಫ್ ತೆರೆದಾಗ ಟ್ಯಾಬಿನಲ್ಲಿ ಬೇರೊಬ್ಬ ಹುಡುಗಿಯ ಹೆಸರು, ಜೊತೆಗೆ "ಟೀಚರ್ ಪೋಸ್ಟ್" ಅಂತ ಇತ್ತು. ಹಾಕಿದ್ದು ವೆಲ್ಡಿಂಗ್ ಇನ್‌ಸ್ಪೆಕ್ಟರ್ ಹುದ್ದೆಗೆ. ಅವನ ತಪ್ಪೇನಿಲ್ಲ, ಸೈಬರ್ ಸೆಂಟರಿನಲ್ಲಿ ಯಾರದೋ ಫೈಲಿನ ಮೇಲೆ ಟೈಪ್ ಮಾಡಿಸಿದ್ದ. ಆದರೆ ಮ್ಯಾನೇಜರ್‌ಗೆ ಯಾವುದು ಯಾರದು ಅನ್ನುವ ಅನುಮಾನ ಬಂದು, ಅದನ್ನು ಪಕ್ಕಕ್ಕಿಟ್ಟರು.

ವರ್ಡ್‌ನಲ್ಲಿ `File`, `Info` ತೆರೆದರೆ ಬಲಗಡೆ ಈ ಖಾನೆಗಳು ಕಾಣುತ್ತವೆ. `Title`ನಲ್ಲಿ `Kavya H S Resume` ಅಂತ ಬರೆ. `Author`ನಲ್ಲಿ ನಿನ್ನ ಹೆಸರು. ಆಮೇಲೆ ಪಿಡಿಎಫ್ ಮಾಡು.

• ಹಾಗಾದರೆ ವರ್ಡ್ ಫೈಲು ಯಾವಾಗ? ಅವರು ಬಾಯಿಬಿಟ್ಟು ಕೇಳಿದಾಗ. ಹೆಚ್ಚಾಗಿ ಕೇಳುವವರು ಕನ್ಸಲ್ಟೆನ್ಸಿಯವರು. ನಿನ್ನ ಫೋನ್ ಸಂಖ್ಯೆ, ಇಮೇಲ್ ತೆಗೆದು, ತಮ್ಮ ಲೋಗೋ ಮೇಲೆ ಕೂರಿಸಿ, ತಮ್ಮ ನಮೂನೆಗೆ ಹೊಂದಿಸಿ ಕಂಪನಿಗೆ ಕಳಿಸುವುದು ಅವರ ಪದ್ಧತಿ. ಕಂಪನಿ ನಿನ್ನನ್ನು ನೇರವಾಗಿ ಕರೆದುಬಿಟ್ಟರೆ ಅವರ ಕಮಿಷನ್ ಹೋಗುತ್ತದಲ್ಲ! ಅದರಲ್ಲಿ ಮೋಸ ಅಂತೇನಿಲ್ಲ. ಆದರೆ ತಿದ್ದಲು ಬರುವ ಫೈಲನ್ನು ಕೊಟ್ಟ ಮೇಲೆ ಅದರಲ್ಲಿ ಏನು ಸೇರಿತು, ಏನು ಬಿಟ್ಟುಹೋಯಿತು ನಿನಗೆ ಗೊತ್ತಾಗುವುದಿಲ್ಲ. "ಕಂಪನಿಗೆ ಕಳಿಸಿದ ಪ್ರತಿ ನನಗೂ ಒಂದು ಕಳಿಸಿ ಸರ್" ಅಂತ ಕೇಳು. ಇಂಟರ್‌ವ್ಯೂಗೆ ಹೋಗುವಾಗ ನಿನ್ನ ಸ್ವಂತ ಪಿಡಿಎಫ್‌ನ ಪ್ರಿಂಟ್ ಕೈಯಲ್ಲಿರಲಿ, ನೀನು ಕಲಿಯದ ತಂತ್ರಾಂಶದ ಹೆಸರು ಆ ಪ್ರತಿಯಲ್ಲಿ ಸೇರಿದ್ದರೆ ಅಲ್ಲೇ ತೋರಿಸಬಹುದು.

• ವರ್ಡ್ ಕಳಿಸುವುದಾದರೆ `.docx` ಕಳಿಸು. `.doc` 2007ಕ್ಕಿಂತ ಹಿಂದಿನ ಕಾಲದ್ದು. ಮ್ಯಾಕ್ ಇರುವ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಮಾಡಿದ `.pages` ಫೈಲನ್ನು ಕಳಿಸಲೇಬೇಡ, ವಿಂಡೋಸ್ ಕಂಪ್ಯೂಟರಿನ ವರ್ಡ್ ಅದನ್ನು ತೆರೆಯುವುದಿಲ್ಲ.

• ವರ್ಡ್ ಕಳಿಸುವ ಮುಂಚೆ ಅದನ್ನು ತೊಳೆದು ಕಳಿಸಬೇಕು. ನಿಮ್ಮಣ್ಣ ನಿನ್ನ ರೆಸ್ಯೂಮ್ ತಿದ್ದುವಾಗ `Track Changes` ಹಾಕಿಕೊಂಡಿದ್ದ, ಗೊತ್ತೇ? ನಿನ್ನ ಫೈಲಿನಲ್ಲಿ `Review` ಒತ್ತಿ `All Markup` ಮಾಡಿದರೆ ಕೆಂಪು ಗೆರೆಗಳೆಲ್ಲ ಎದ್ದು ಬರುತ್ತವೆ. ಪಕ್ಕದಲ್ಲಿ "ಇಷ್ಟು ಸಂಬಳ ಕೇಳಬೇಡ, ಕಡಿಮೆ ಮಾಡು" ಅನ್ನುವ ಅವನ ಟಿಪ್ಪಣಿಯೂ ಇದೆ. ಹೊಡೆದುಹಾಕಿದ ಹಳೆಯ ಅಂಕಿಯೂ ಇದೆ. ಕಂಪನಿಯವರು ಅದನ್ನು ನೋಡಿದರೆ ಸಂಬಳದ ಮಾತುಕತೆ ಅಲ್ಲಿಗೇ ಮುಗಿಯಿತು.

ಎಲ್ಲ ತಿದ್ದುಪಡಿಗಳನ್ನೂ `Accept` ಮಾಡು, ಟಿಪ್ಪಣಿಗಳನ್ನು ಅಳಿಸು. ಕಣ್ಣಿಗೆ ಕಾಣದ ಹಾಗೆ ಮರೆಮಾಡಿದರೆ ಸಾಲದು, ಫೈಲಿನೊಳಗೆ ಅವು ಹಾಗೇ ಇರುತ್ತವೆ. ಕೊನೆಗೆ `File`, `Info`, `Check for Issues`, `Inspect Document` ಅಂತ ಹೋದರೆ ಉಳಿದದ್ದು ಏನಾದರೂ ಇದ್ದರೆ ಅದೇ ಹೇಳುತ್ತದೆ. ಅದು `Author` ಹೆಸರನ್ನೂ ತೆಗೆಯಲೇ ಅಂತ ಕೇಳುತ್ತದೆ, ಅದನ್ನು ಬಿಡು. ಅಂದಹಾಗೆ ತಿದ್ದುಪಡಿ ಕಾಣುತ್ತಿರುವಾಗಲೇ ಪಿಡಿಎಫ್ ಮಾಡಿದರೆ ಆ ಕೆಂಪು ಗೆರೆಗಳೂ ಪಿಡಿಎಫ್‌ಗೆ ಇಳಿಯುತ್ತವೆ. ಪಿಡಿಎಫ್ ಮಾಡಿದೆ ಅಂತ ನಿಶ್ಚಿಂತೆಯಿಂದ ಇರಬೇಡ.

• ಯಾವುದು ಬೇಕು ಅಂತ ಹೇಳಿಲ್ಲ, ಎರಡೂ ಕಳಿಸಿಬಿಡಲೇ ಅಂತ ಕೇಳಿದ್ದೆಯಲ್ಲ, ಬೇಡ. ಎರಡು ಫೈಲು ಬಂದರೆ ಎರಡೂ ಒಂದೇನಾ ಅಂತ ತೆರೆದು ನೋಡುವ ಕೆಲಸ ಅವರ ಪಾಲಿಗೆ.

• ಮಾರ್ಕ್ಸ್ ಕಾರ್ಡ್‌ಗಳನ್ನು ಕೇಳಿದ್ದರೆ ಮಾತ್ರ ಕಳಿಸು. ಕೇಳಿದ್ದರೆ ಎಲ್ಲವನ್ನೂ ಒಂದೇ ಪಿಡಿಎಫ್‌ನಲ್ಲಿ ಸೇರಿಸಿ `Kavya_H_S_Certificates.pdf` ಅಂತ ಬೇರೆ ಫೈಲು ಮಾಡು. ಆಧಾರ್ ಅದರೊಳಗೆ ಬೇಡ. ಪಾಸ್‌ವರ್ಡ್ ಹಾಕಬೇಡ. ಜಿಮೇಲ್‌ನಲ್ಲಿ 25 ಎಂಬಿ ಮೀರಿದರೆ ಫೈಲು ತಾನಾಗಿಯೇ ಡ್ರೈವ್ ಲಿಂಕ್ ಆಗಿ ಹೋಗುತ್ತದೆ, ಅನುಮತಿ ಕೊಡದ ಲಿಂಕ್ ಒತ್ತಿದವರಿಗೆ ಕಾಣುವುದು `Request access` ಅನ್ನುವ ಪುಟ. ಆ ಗುಂಡಿ ಒತ್ತಿ ಕಾಯುತ್ತಾ ಕೂರುವ ಎಚ್‌ಆರ್ ಅನ್ನು ನಾನು ಕಂಡಿಲ್ಲ. ಸ್ಕ್ಯಾನ್ ಮಾಡುವಾಗಲೇ ಗಾತ್ರ ಕಡಿಮೆ ಇಟ್ಟುಕೊಂಡು ಒಂದೆರಡು ಎಂಬಿಯೊಳಗೆ ಮುಗಿಸು.

• ಎಲ್ಲ ಆದ ಮೇಲೆ ಮೊದಲು ನಿನಗೇ ಕಳಿಸಿಕೋ. ಲ್ಯಾಪ್‌ಟಾಪಿನಲ್ಲಿ ಬೇಡ, ಅಲ್ಲಿ ನಿನ್ನ ಫಾಂಟುಗಳೆಲ್ಲ ಇರುತ್ತವೆ. ಅಮ್ಮನ ಫೋನಿನಲ್ಲಿ ತೆರೆದು ನೋಡು. ಇನ್ನೊಂದು ಮಾತು: ಲಗತ್ತಿಸಿದ ಮೇಲೆ ಮೂಲ ಫೈಲಿನಲ್ಲಿ ಏನೇ ತಿದ್ದಿದರೂ ಮೇಲ್‌ನಲ್ಲಿರುವ ಪ್ರತಿ ಬದಲಾಗುವುದಿಲ್ಲ, ಅದು ಆಗಲೇ ಬೇರೆಯಾಗಿಬಿಟ್ಟಿರುತ್ತದೆ.

• ತಪ್ಪು ಫೈಲು ಹೋಯಿತು ಅಂತ ತಕ್ಷಣ ಗೊತ್ತಾದರೆ ಜಿಮೇಲ್‌ನಲ್ಲಿ `Undo` ಇದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು 30 ಸೆಕೆಂಡಿಗೆ ಇಟ್ಟುಕೋ, ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಆ ಹೊತ್ತು ದಾಟಿದ್ದರೆ ಹೊಸ ಮೇಲ್ ಬರೆಯಬೇಡ. ಕಳಿಸಿದ ಮೇಲ್‌ಗೇ ರಿಪ್ಲೈ ಒತ್ತಿ, `To`ನಲ್ಲಿ ಅವರ ವಿಳಾಸ ಇದೆಯೇ ನೋಡಿಕೊಂಡು, ಸರಿಯಾದ ಫೈಲು ಲಗತ್ತಿಸಿ, "ಹಿಂದಿನ ಫೈಲಿನ ಬದಲು ದಯವಿಟ್ಟು ಇದನ್ನು ಪರಿಗಣಿಸಿ" ಅಂತ ಒಂದೇ ಸಾಲು ಬರೆ. ಹೇಗಾಯಿತು, ಯಾಕಾಯಿತು ಅನ್ನುವ ಕಥೆ ಬೇಡ. ಆ ಫೈಲಿನ ಹೆಸರಿನ ಕೊನೆಗೆ ಮಾತ್ರ `_Revised` ಸೇರಿಸು, ಇಲ್ಲವಾದರೆ ಅವರ ಫೋಲ್ಡರಿನಲ್ಲಿ ಅದು `(1)` ಅಂಟಿಸಿಕೊಂಡು ಹಳೆಯದರ ಪಕ್ಕ ಕೂರುತ್ತದೆ, ಯಾವುದು ತೆರೆಯಬೇಕು ಅಂತ ಅವರಿಗೆ ತಿಳಿಯುವುದಿಲ್ಲ.